ಕೊನೆಯ ಆರು ಎಣಿಕೆ, ಆಮೇಲೆ ಒಂದು ಕಾರ್ಡ್

ವಿಳಂಬ ಗತಿಯ ಹಾಡು ಮುಗಿಯುವ ಹೊತ್ತಿಗೆ ಕೇಳುಗರ ಉಸಿರು ಒಂದು ಕ್ಷಣ ಹಿಡಿದಂತಾಗುತ್ತದೆ. ಗಾಯಕರು ವೇಗವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತಾರೆ, ಕೊನೆಯ ಸ್ವರಕ್ಕೆ ಬಂದು ನಿಲ್ಲುತ್ತಾರೆ, ಆ ಸ್ವರವನ್ನು ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಾರೆ. ಪಾಶ್ಚಾತ್ಯ ಸಂಗೀತದಲ್ಲಿ ವೇಗ ತಗ್ಗಿಸುವ ಕ್ರಿಯೆಗೆ ರಿಟಾರ್ಡಾಂಡೊ ಎನ್ನುತ್ತಾರೆ. ಸ್ವರಲಿಪಿಯಲ್ಲಿ ಅದನ್ನು ‘ರಿಟ್.’ ಎಂದು ಮೊಟಕಾಗಿ ಬರೆಯುವುದು ವಾಡಿಕೆ. ಕೊನೆಯ ಕಾರ್ಡ್‌ನ ನೆತ್ತಿಯ ಮೇಲೆ ಅರ್ಧಚಂದ್ರ ಮತ್ತು ಅದರೊಳಗೊಂದು ಚುಕ್ಕೆ ಇದ್ದರೆ ಅದು ಫರ್ಮಾಟಾ. ಲೆಕ್ಕ ಬಿಟ್ಟು ಹಿಡಿದು ನಿಲ್ಲು ಎಂಬ ಸೂಚನೆ ಅದು.

ಎರಡೂ ಚಿಹ್ನೆಗಳು ಎಲ್ಲಿ ನಿಲ್ಲಬೇಕೆಂದು ಹೇಳುತ್ತವೆ. ಎಷ್ಟು ತಗ್ಗಿಸಬೇಕು, ಯಾವ ಎಣಿಕೆಗೆ ಎಷ್ಟು ಪಾಲು, ಎಷ್ಟು ಹೊತ್ತು ಹಿಡಿಯಬೇಕು ಎಂಬುದನ್ನು ಹೇಳುವುದಿಲ್ಲ. ಹಾಡು ಗೆಲ್ಲುವುದೂ ಸೋಲುವುದೂ ಆ ಹೇಳದೆ ಬಿಟ್ಟ ಭಾಗದಲ್ಲಿ. ಲೆಕ್ಕ ಹಾಕಿ ನೋಡಿದರೆ ವೇಗ ತಗ್ಗಿಸುವ ಈ ನಾಟಕೀಯತೆ ನಡೆಯುವುದು ಎರಡು ಸೆಕೆಂಡಿಗೂ ಕಡಿಮೆ ಹೆಚ್ಚುವರಿ ಸಮಯದಲ್ಲಿ. ಆ ಸಮಯವನ್ನು ಹೇಗೆ ಹಂಚಬೇಕೆಂಬುದನ್ನು ಒಂದು ಹಾಡನ್ನು ಹಿಡಿದುಕೊಂಡೇ ನೋಡುವುದು ಒಳ್ಳೆಯದು. ಅದಕ್ಕೆ ಜಗತ್ತಿನ ಬಹುಪಾಲು ಕಿವಿಗಳಿಗೆ ಪರಿಚಿತವಾದ ಕ್ರಿಸ್‌ಮಸ್ ಗೀತೆ ‘ಸೈಲೆಂಟ್ ನೈಟ್’ ಹೇಳಿ ಮಾಡಿಸಿದಂತಿದೆ.

ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸಮೀಪದ ಒಬರ್ನ್‌ಡಾರ್ಫ್ ಎಂಬ ಊರಿನ ಸಂತ ನಿಕೋಲಸ್ ಚರ್ಚಿನಲ್ಲಿ 1818ರ ಡಿಸೆಂಬರ್ 24ರಂದು ಈ ಹಾಡು ಮೊದಲ ಬಾರಿಗೆ ಕೇಳಿಬಂತು. ಸಾಹಿತ್ಯ ಸಹಾಯಕ ಪಾದ್ರಿ ಜೋಸೆಫ್ ಮೋರ್ ಅವರದು. ರಾಗ ಹಾಕಿದವರು ಶಾಲಾಶಿಕ್ಷಕರೂ ಆರ್ಗನ್ ವಾದಕರೂ ಆಗಿದ್ದ ಫ್ರಾಂಜ್ ಕ್ಸೇವರ್ ಗ್ರೂಬರ್. ಆ ರಾತ್ರಿ ಪಕ್ಕವಾದ್ಯ ಒಂದು ಗಿಟಾರ್ ಮಾತ್ರ. ಇಬ್ಬರೂ ಹಾಡಿದರು, ಪ್ರತಿ ಚರಣದ ಕೊನೆಯ ಸಾಲುಗಳನ್ನು ಮೇಳದವರು ಮತ್ತೆ ಹಾಡಿದರು. ಗ್ರೂಬರ್ ಬರೆದ ಮೂಲ ನಡೆ ಇಂದು ನಾವು ಕೇಳುವುದಕ್ಕಿಂತ ಚುರುಕಾಗಿತ್ತು, ತುಸು ತೂಗಾಡುವ ನಡೆ ಅದು. ಕಾಲ ಸರಿದಂತೆ ಹಾಡು ಜೋಗುಳದ ಗತಿಗೆ ಇಳಿಯಿತು. ಗತಿ ಇಳಿದಂತೆ ಕೊನೆಯ ಸಾಲಿನ ಮೇಲಿನ ಭಾರವೂ ಹೆಚ್ಚಿತು.

ಆ ಕೊನೆಯ ಸಾಲನ್ನು ನಮ್ಮ ಸರಿಗಮದಲ್ಲಿ ಹೇಳಿದರೆ ಹೀಗಿದೆ: ತಾರ ಷಡ್ಜ, ಪ, ಗ, ಮತ್ತೆ ಪ, ಮ, ರಿ, ಕಡೆಗೆ ಮಧ್ಯ ಷಡ್ಜ. ಮೇಲಿನ ಷಡ್ಜದಲ್ಲಿ ಹೊರಟ ರಾಗ ಒಂದು ಸ್ಥಾಯಿ ಪೂರ್ತಿ ಇಳಿದು ಕೆಳಗಿನ ಷಡ್ಜಕ್ಕೆ ಬಂದು ಕೂರುತ್ತದೆ. ಕೊನೆಯ ಷಡ್ಜಕ್ಕೆ ಮುಂಚೆ ಆರು ಎಣಿಕೆಗಳಿವೆ. ಮೊದಲ ಮೂರು ಎಣಿಕೆಗಳಲ್ಲಿ ಸ, ಪ, ಗ ಒಂದೊಂದು. ಮುಂದಿನ ಮೂರರಲ್ಲಿ ಪ ಒಂದೂವರೆ ಎಣಿಕೆ, ಮ ಅರ್ಧ, ರಿ ಒಂದು.

ಇಲ್ಲಿ ಕಾರ್ಡ್‌ಗಳ ಆಟವನ್ನು ಗಮನಿಸಬೇಕು. ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಹಲವು ಸ್ವರಗಳ ಗುಂಪು. ಮೊದಲ ಮೂರು ಎಣಿಕೆಗಳ ಕೆಳಗೆ ಸ-ಗ-ಪ ಇದೆ, ಅದು ಮನೆಯ ಕಾರ್ಡ್. ಮುಂದಿನ ಮೂರರ ಕೆಳಗೆ ಪ-ನಿ-ರಿ-ಮ ಬರುತ್ತದೆ. ಈ ಎರಡನೆಯ ಗುಂಪು ತಾನಾಗಿ ನಿಲ್ಲಲಾರದು. ಅದರೊಳಗಿನ ನಿಷಾದಕ್ಕೆ ಅರ್ಧ ಸ್ವರ ಮೇಲೇರಿ ಷಡ್ಜವಾಗುವ ಸೆಳೆತ, ಮಧ್ಯಮಕ್ಕೆ ಕೆಳಗಿಳಿಯುವ ಸೆಳೆತ. ಈ ಎರಡೂ ಸೆಳೆತಗಳಿಗೆ ಕಿವಿ ಪಳಗಿರುವುದರಿಂದ ಮುಂದೇನು ಬರುತ್ತದೆಂದು ಅದಕ್ಕೆ ಮೊದಲೇ ಗೊತ್ತು. ಯಾವಾಗ ಬರುತ್ತದೆ ಎಂಬುದಷ್ಟೇ ಗೊತ್ತಿಲ್ಲ. ರಿಟಾರ್ಡಾಂಡೊ ಕೈ ಹಾಕುವುದು ಈ ‘ಯಾವಾಗ’ ಎಂಬುದಕ್ಕೇ. ಮನೆಯ ಕಾರ್ಡ್ ಮೇಲೆ ಎಷ್ಟು ಹೊತ್ತು ತಡೆದರೂ ಕುತೂಹಲ ಹುಟ್ಟುವುದಿಲ್ಲ, ಅದು ವಿಶ್ರಾಂತಿಯ ಜಾಗ. ಮನೆಗೆ ಒಂದು ಹೆಜ್ಜೆ ಮುಂಚಿನ ಕಾರ್ಡ್ ಮೇಲೆ ತಡೆದರೆ ಮಾತ್ರ ಕೇಳುಗರು ಮುಂದಕ್ಕೆ ಬಾಗುತ್ತಾರೆ.

ಇದು ಹೊಸ ತಿಳಿವಳಿಕೆಯಲ್ಲ. ಇಟಲಿಯ ಆರ್ಗನ್ ವಾದಕ ಜಿರೊಲಾಮೊ ಫ್ರೆಸ್ಕೊಬಾಲ್ಡಿ 1615ರಲ್ಲಿ ಪ್ರಕಟಿಸಿದ ತಮ್ಮ ಟೊಕಾಟಾ ಸಂಗ್ರಹದ ಮುನ್ನುಡಿಯಲ್ಲೇ, ಮುಕ್ತಾಯದ ಸ್ವರಗಳನ್ನು ಚುರುಕಾಗಿ ಬರೆದಿದ್ದರೂ ತಡೆದು ನುಡಿಸಬೇಕು, ಕೊನೆ ಹತ್ತಿರವಾದಂತೆ ಗತಿ ಇನ್ನಷ್ಟು ಇಳಿಯಬೇಕು ಎಂಬ ಅರ್ಥದ ಸೂಚನೆ ಕೊಟ್ಟಿದ್ದರು. ‘ಇನ್ನಷ್ಟು’ ಎಂಬ ಆ ಅಂಶವೇ ಮುಖ್ಯ. ಗತಿ ಒಂದೇ ಪ್ರಮಾಣದಲ್ಲಿ ಇಳಿಯುವುದಲ್ಲ, ಕೊನೆಯತ್ತ ಇಳಿಕೆ ಹೆಚ್ಚುತ್ತಾ ಹೋಗಬೇಕು.

ಸ್ಟಾಕ್‌ಹೋಮ್‌ನ ಸಂಗೀತ ಧ್ವನಿವಿಜ್ಞಾನಿಗಳಾದ ಆಂಡರ್ಸ್ ಫ್ರೀಬರ್ಗ್ ಮತ್ತು ಯೋಹಾನ್ ಸುಂಡ್‌ಬರ್ಗ್ 1999ರಲ್ಲಿ ಇದನ್ನು ಅಳೆದು ತೋರಿಸಿದರು. ಸಂಗೀತದ ಧ್ವನಿಮುದ್ರಿಕೆಗಳಲ್ಲಿ ಕೊನೆಯ ಸ್ವರಗಳ ನಡುವಿನ ಅಂತರಗಳು ಅವರ ಮುಂದಿದ್ದವು. ಇನ್ನೊಂದೆಡೆ, ಓಡುತ್ತಿದ್ದವರು ನಿಲ್ಲುವಾಗ ಅವರ ವೇಗ ಹೇಗೆ ಇಳಿಯುತ್ತದೆ ಎಂಬುದನ್ನೂ ಅಳೆದರು. ಎರಡು ವಕ್ರರೇಖೆಗಳು ಬಹಳ ಹೋಲುತ್ತಿದ್ದವು. ಓಡುವವರು ಮೊದಲು ಅಷ್ಟೇನೂ ವೇಗ ಕಳೆದುಕೊಳ್ಳುವುದಿಲ್ಲ, ಕೊನೆಯ ಕೆಲವು ಹೆಜ್ಜೆಗಳಲ್ಲಿ ಬಹುಪಾಲು ವೇಗ ಬಿಟ್ಟುಕೊಡುತ್ತಾರೆ. ಸಂಗೀತದ ಮುಕ್ತಾಯವೂ ಹಾಗೆಯೇ. ಕೇಳುಗರ ಮುಂದೆ ಬೇರೆ ಬೇರೆ ಬಗೆಯ ಇಳಿಕೆಗಳನ್ನಿಟ್ಟಾಗ ಓಡಿ ನಿಲ್ಲುವವರ ಚಲನೆಗೆ ಹತ್ತಿರವಾದದ್ದೇ ಅವರಿಗೆ ಹೆಚ್ಚು ಒಪ್ಪಿತವಾಯಿತು. ಈ ಲೆಕ್ಕ ಸಮ ನಡೆಯ ಸಂಗೀತಕ್ಕೆ ಚೆನ್ನಾಗಿ ಹೊಂದುತ್ತದೆ. ಸಾಲಿನುದ್ದಕ್ಕೂ ವೇಗವನ್ನು ಹಿಗ್ಗಿಸಿ ಕುಗ್ಗಿಸುವ ಭಾವಪ್ರಧಾನ ವಾದನಕ್ಕೆ ಅಷ್ಟು ಸಲೀಸಾಗಿ ಹೊಂದದು. ಆದರೂ ಜೋಗುಳದ ತೂಗಾಟದಂಥ ಸಮ ನಡೆಯಿರುವ ‘ಸೈಲೆಂಟ್ ನೈಟ್’ಗೆ ಅದು ಒಳ್ಳೆಯ ಮಾರ್ಗದರ್ಶಿ.

ಈಗ ಆರು ಎಣಿಕೆಗೆ ಇದನ್ನು ಹಚ್ಚಿ ನೋಡೋಣ. ಹಾಡು ನಿಮಿಷಕ್ಕೆ ಸುಮಾರು 86 ಎಣಿಕೆಯ ವೇಗದಲ್ಲಿ ಸಾಗಿದೆ ಎಂದುಕೊಂಡರೆ ಒಂದೊಂದು ಎಣಿಕೆಗೆ 0.7 ಸೆಕೆಂಡ್. ಕೊನೆಯ ಕಾರ್ಡ್ ತಲುಪುವಾಗ ವೇಗ ಅರ್ಧಕ್ಕೆ ಇಳಿದಿರಬೇಕು ಎಂಬುದು ಗುರಿ. ಓಟ ನಿಲ್ಲಿಸುವ ಮಾದರಿಯಲ್ಲಿ ಲೆಕ್ಕ ಹಾಕಿದರೆ ಆರು ಎಣಿಕೆಗಳು ಕ್ರಮವಾಗಿ 0.72, 0.78, 0.84, 0.93, 1.06 ಮತ್ತು 1.25 ಸೆಕೆಂಡ್ ಆಗುತ್ತವೆ. ಮೊದಲ ಎಣಿಕೆಯಲ್ಲಿ ಆದ ಬದಲಾವಣೆ ಯಾರ ಕಿವಿಗೂ ಬೀಳದು. ಕಾರ್ಡ್ ಬದಲಾಗುವ ನಾಲ್ಕನೆಯ ಎಣಿಕೆಗೆ ಬಂದಾಗ ಮಾತ್ರ, ಏನೋ ಹತ್ತಿರವಾಗುತ್ತಿದೆ ಎಂಬ ಅರಿವು ಕೇಳುಗರಿಗೆ ಬರುತ್ತದೆ. ಕೊನೆಯ ರಿಷಭ ಮೊದಲಿನ ಎಣಿಕೆಗಿಂತ ಬಹಳ ಉದ್ದವಾಗಿರುತ್ತದೆ, ಆದರೂ ಅಲ್ಲಿಗೆ ಮೆಲ್ಲಗೆ ಬಂದಿರುವುದರಿಂದ ಎಡವಿದಂತೆ ಅನ್ನಿಸುವುದಿಲ್ಲ.

ವೇಗ ತಗ್ಗಿಸದಿದ್ದರೆ ಆರು ಎಣಿಕೆಗೆ 4.2 ಸೆಕೆಂಡ್ ಹಿಡಿಯುತ್ತಿತ್ತು. ತಗ್ಗಿಸಿದ ಮೇಲೆ 5.6. ಹೆಚ್ಚಾದದ್ದು 1.4 ಸೆಕೆಂಡ್ ಮಾತ್ರ. ಅದೇ 1.4 ಸೆಕೆಂಡನ್ನು ಬೇರೆ ರೀತಿಯಲ್ಲಿ ಹಂಚಿ ನೋಡಿದರೆ ಹಂಚಿಕೆಯ ಮಹತ್ವ ತಿಳಿಯುತ್ತದೆ. ಆರೂ ಎಣಿಕೆಗಳಿಗೆ ಸಮನಾಗಿ ಹಂಚಿದರೆ ಪ್ರತಿಯೊಂದಕ್ಕೂ 0.93 ಸೆಕೆಂಡ್ ಬರುತ್ತದೆ. ಆಗ ಕೇಳಿಸುವುದು ಮುಕ್ತಾಯವಲ್ಲ. ಹಾಡು ಬೇರೊಂದು ನಿಧಾನ ಗತಿಗೆ ಹೊರಳಿತು, ಇನ್ನೂ ಒಂದು ಚರಣ ಬಾಕಿಯಿದೆಯೇನೋ ಎನ್ನಿಸುತ್ತದೆ. ಇಡೀ 1.4 ಸೆಕೆಂಡನ್ನು ಕೊನೆಯ ರಿಷಭಕ್ಕೇ ಸುರಿದರೆ ಆ ಒಂದು ಸ್ವರ 2.1 ಸೆಕೆಂಡ್ ನಿಲ್ಲುತ್ತದೆ, ಯಾರೋ ಸಾಲು ಮರೆತು ನಿಂತರೇನೋ ಎಂಬ ಭ್ರಮೆ ಹುಟ್ಟುತ್ತದೆ. ಹಠಾತ್ತನೆ ಹಿಡಿದೆಳೆಯುವುದಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ರಿಟೆನೂಟೊ ಎಂಬ ಬೇರೆಯದೇ ಸೂಚನೆಯಿದೆ. ಅದಕ್ಕೆ ಅದರದೇ ಸಂದರ್ಭಗಳಿವೆ, ಜೋಗುಳದ ಕೊನೆ ಅಂಥ ಸಂದರ್ಭವಲ್ಲ.

ಮೇಳಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಬೇಗ ಶುರು ಮಾಡುವುದು. ಕೊನೆಯ ಚರಣ ಬಂತೆಂದ ಕೂಡಲೇ ಮನಸ್ಸು ಮುಕ್ತಾಯಕ್ಕೆ ಸಿದ್ಧವಾಗಿಬಿಡುತ್ತದೆ, ಎರಡು ಮೂರು ಸಾಲು ಮುಂಚೆಯೇ ಗತಿ ಜಾರುತ್ತದೆ. ಕೊನೆಯ ಆರು ಎಣಿಕೆಗೆ ಬರುವಷ್ಟರಲ್ಲಿ ತಗ್ಗಿಸಲು ವೇಗವೇ ಉಳಿದಿರುವುದಿಲ್ಲ. ಇದನ್ನು ಪತ್ತೆಹಚ್ಚುವುದು ಸುಲಭ. ತಾಲೀಮನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಕೊನೆಯ ಚರಣದ ಮೊದಲ ಸಾಲಿಗೆ ಎಷ್ಟು ಸೆಕೆಂಡ್ ಹಿಡಿಯಿತು, ಕೊನೆಯಿಂದ ಎರಡನೆಯ ಸಾಲಿಗೆ ಎಷ್ಟು ಹಿಡಿಯಿತು ಎಂದು ನೋಡಿದರೆ ಸಾಕು. ಒಂದೇ ಉದ್ದದ ಎರಡು ಸಾಲುಗಳ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ಮೇಳ ಅವಸರದಲ್ಲಿ ನಿಧಾನವಾಗುತ್ತಿದೆ ಎಂದೇ ಅರ್ಥ.

ಎರಡನೆಯ ತೊಡಕು ಅರ್ಧ ಎಣಿಕೆಯ ಆ ಪುಟ್ಟ ಮಧ್ಯಮ. ಗತಿ ಇಳಿದಂತೆ ಅದೂ ತನ್ನ ಪಾಲಿನಷ್ಟು ಹಿಗ್ಗಬೇಕು. ಹಲವರು ಅದನ್ನು ಹಳೆಯ ವೇಗದಲ್ಲೇ ಥಟ್ಟನೆ ಹಾಡಿ ರಿಷಭಕ್ಕೆ ಹಾರುತ್ತಾರೆ, ಇನ್ನು ಕೆಲವರು ಅದನ್ನು ಎಳೆದು ಪೂರ್ತಿ ಎಣಿಕೆ ಮಾಡಿಬಿಡುತ್ತಾರೆ. ಎರಡೂ ಬಗೆಯವರು ಒಂದೇ ಮೇಳದಲ್ಲಿದ್ದರೆ ರಿಷಭ ಎರಡು ಸಲ ಕೇಳಿಸುತ್ತದೆ. ಅನುಭವಿ ನಿರ್ದೇಶಕರು ಈ ಜಾಗದಲ್ಲಿ ಕೈಸನ್ನೆಯನ್ನು ಒಡೆಯುತ್ತಾರೆ. ಅಲ್ಲಿಯವರೆಗೆ ಮೂರು ಎಣಿಕೆಗೊಂದು ಬೀಸು ಕೊಡುತ್ತಿದ್ದ ಕೈ ಈಗ ಎಣಿಕೆಗೊಂದು ಬೀಸು ಕೊಡುತ್ತದೆ, ಮಧ್ಯಮಕ್ಕೂ ಒಂದು ಚಿಕ್ಕ ಸನ್ನೆ ಸಿಗುತ್ತದೆ. ಪಕ್ಕವಾದ್ಯದಲ್ಲಿ ಗಿಟಾರ್ ಇದ್ದರೆ ಒಂದೊಂದೇ ತಂತಿ ಮೀಟುತ್ತಾ ಹೋಗುವ ಬೆರಳುಗಳೇ ಈ ಕೆಲಸ ಮಾಡುತ್ತವೆ. ತಂತಿಗಳ ನಡುವಿನ ಅಂತರ ಹಿಗ್ಗುವುದನ್ನು ಕೇಳುತ್ತಲೇ ಗಾಯಕರು ಮುಂದಿನ ಸ್ವರದ ಜಾಗವನ್ನು ಊಹಿಸಬಲ್ಲರು. ಬೀಸು ಹೊಡೆತದ ಸ್ಟ್ರಮ್ಮಿಂಗ್‌ನಲ್ಲಿ ಆ ಸುಳಿವು ಸಿಗುವುದಿಲ್ಲ.

ಇನ್ನೊಂದು ಮಾತು. ಪ್ರತಿ ಚರಣದ ಕೊನೆಯಲ್ಲೂ ರಿಟಾರ್ಡಾಂಡೊ ಮಾಡುವ ಮೇಳಗಳಿವೆ. ಮೂರು ಚರಣಗಳಿದ್ದರೆ ಮೂರು ಸಲ ಮುಗಿದಂತಾಗುತ್ತದೆ, ನಿಜವಾದ ಕೊನೆಗೆ ಹೇಳಲು ಏನೂ ಉಳಿಯುವುದಿಲ್ಲ. ಮೊದಲ ಎರಡು ಚರಣಗಳನ್ನು ಸಮ ಗತಿಯಲ್ಲೇ ದಾಟಿಸಿದರೆ ಮೂರನೆಯದರಲ್ಲಿ 1.4 ಸೆಕೆಂಡೇ ಬೇಕಾದಷ್ಟಾಗುತ್ತದೆ.

ಕರ್ನಾಟಕಕ್ಕೆ ಈ ಬಗೆಯ ನಾಲ್ಕು ದನಿಯ ಹಾಡುಗಾರಿಕೆ ಬಂದದ್ದು ಚರ್ಚುಗಳ ಮೂಲಕ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡ ಪದಗಳು ಕೂಡಿಕೊಂಡವು. ಇಂದಿಗೂ ಡಿಸೆಂಬರ್ ಬಂತೆಂದರೆ ಕರಾವಳಿಯ ಚರ್ಚುಗಳಲ್ಲೂ ಬೆಂಗಳೂರಿನ ಚರ್ಚುಗಳಲ್ಲೂ ಕನ್ನಡ, ಕೊಂಕಣಿ, ಇಂಗ್ಲಿಷ್ ಮೇಳಗಳ ತಾಲೀಮು ಜೋರಾಗಿರುತ್ತದೆ. ಹಾಗಂತ ನಮ್ಮ ಸಂಗೀತಕ್ಕೆ ಕೊನೆಯಲ್ಲಿ ನಿಧಾನಿಸುವುದು ಅಪರಿಚಿತವೇನಲ್ಲ. ಕೃತಿ ಮುಗಿಸುವಾಗ ಪಲ್ಲವಿಯ ಸಾಲನ್ನು ಎಳೆದು ಹಾಡಿ ನಿಲ್ಲಿಸುವುದು ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ನಿತ್ಯದ ರೂಢಿ. ಆದರೆ ಒಂದು ವ್ಯತ್ಯಾಸವಿದೆ. ತಂಬೂರಿ ಮೊದಲಿನಿಂದ ಕೊನೆಯವರೆಗೂ ಷಡ್ಜವನ್ನು ನುಡಿಯುತ್ತಲೇ ಇರುತ್ತದೆ. ಮನೆಯ ಸ್ವರ ಎಂದೂ ಮರೆಯಾಗುವುದಿಲ್ಲ, ಆದ್ದರಿಂದ ಮರಳಿ ಬರುವ ಕಾತರ ಕಾರ್ಡ್‌ಗಳ ಮೇಲೆ ನಿಂತಿಲ್ಲ. ನಮ್ಮಲ್ಲಿ ಆ ಕಾತರವನ್ನು ಹೆಚ್ಚಾಗಿ ತಾಳದ ಲೆಕ್ಕ ಹುಟ್ಟಿಸುತ್ತದೆ. ಮೂರು ಸಲ ಮರುಕಳಿಸಿ ಎಡುಪಿಗೋ ಸಮಕ್ಕೋ ಬಂದು ಬೀಳುವ ಮುಕ್ತಾಯವಾಗಲಿ ತಿಹಾಯಿಯಾಗಲಿ, ಒಂದಿಷ್ಟೂ ವೇಗ ತಗ್ಗಿಸದೆ ಅದೇ ಕೆಲಸ ಮಾಡುತ್ತದೆ.

ಕೊನೆಯ ಕಾರ್ಡ್‌ಗೆ ಬರೋಣ. ವೇಗ ಅರ್ಧಕ್ಕೆ ಇಳಿದ ಮೇಲೆ ಒಂದು ಎಣಿಕೆ 1.4 ಸೆಕೆಂಡ್ ಆಗಿರುತ್ತದೆ. ಲಿಪಿಯಲ್ಲಿ ಆ ಕಾರ್ಡ್‌ಗೆ ಇರುವುದು ಸುಮಾರು ಐದು ಎಣಿಕೆ. ಹೊಸ ವೇಗದಲ್ಲಿ ಅದೇ ಏಳು ಸೆಕೆಂಡಾಯಿತು. ಫರ್ಮಾಟಾದ ಉದ್ದಕ್ಕೆ ನಿಯಮವಿಲ್ಲ, ಆದರೆ ಇಳಿದ ವೇಗದಲ್ಲಿ ಒಳಗೊಳಗೇ ಎಣಿಸುತ್ತಾ ಹೋಗುವುದು ನೆಚ್ಚಬಹುದಾದ ದಾರಿ. ಹಳೆಯ ವೇಗದಲ್ಲಿ ಎಣಿಸಿ ಮೂರೂವರೆ ಸೆಕೆಂಡಿಗೆ ನಿಲ್ಲಿಸಿದರೆ, ಅಷ್ಟು ಮೆಲ್ಲಗೆ ತಂದು ಕೂರಿಸಿದ ಕಾರ್ಡನ್ನು ತಟ್ಟನೆ ಕಿತ್ತುಕೊಂಡಂತಾಗುತ್ತದೆ.

ಸಾಲು ಮತ್ತು ಕಾರ್ಡ್ ಸೇರಿದರೆ ಹನ್ನೆರಡು ಸೆಕೆಂಡಿಗೂ ಹೆಚ್ಚು. ಒಂದೇ ಉಸಿರಿನಲ್ಲಿ ಇಷ್ಟು ಹಾಡಲು ಹೋದರೆ ಕೊನೆಯ ಎರಡು ಮೂರು ಸೆಕೆಂಡುಗಳಲ್ಲಿ ಶ್ರುತಿ ಕುಸಿಯುತ್ತದೆ. ಅದಕ್ಕೇ ಮೇಳಗಳು ಸರದಿ ಉಸಿರಿನ ಉಪಾಯ ಹೂಡುತ್ತವೆ. ಪಕ್ಕದವರು ಹಾಡುತ್ತಿರುವಾಗ ಒಬ್ಬರು ಸದ್ದಿಲ್ಲದೆ ದನಿ ಬಿಟ್ಟು, ಉಸಿರೆಳೆದು, ಮೆಲ್ಲಗೆ ಮತ್ತೆ ಸೇರಿಕೊಳ್ಳುತ್ತಾರೆ. ಯಾರೂ ಸಾಲಿನ ಸ್ವರ ಬದಲಾಗುವ ಜಾಗದಲ್ಲಿ ಉಸಿರೆಳೆಯಬಾರದು, ಹಿಡಿದ ಸ್ವರದ ನಡುವೆ ಮಾತ್ರ.

ಶ್ರುತಿಯ ವಿಷಯದಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಗಾಂಧಾರ. ರಾಗದ ಸಾಲು ಕೆಳಗಿನ ಷಡ್ಜಕ್ಕೆ ಇಳಿದಿರುವುದರಿಂದ ಹಲವು ಹೊಂದಿಕೆಗಳಲ್ಲಿ ಗಾಂಧಾರ ಟೆನರ್ ದನಿಯವರ ಪಾಲಿಗೆ ಬರುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ತಾನಾಗಿ ಹೊಮ್ಮುವ ಅಂತರ ಗಾಂಧಾರವನ್ನು ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಿಯಾನೊದ ಗಾಂಧಾರ ಆ ಸಹಜ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ. ಸೆಂಟ್ ಎಂದರೆ ಅರ್ಧ ಸ್ವರದ ನೂರನೆಯ ಒಂದು ಭಾಗ. ಓಡುವ ಸಾಲಿನಲ್ಲಿ ಈ ವ್ಯತ್ಯಾಸ ಯಾರಿಗೂ ತಿಳಿಯದು, ಏಳು ಸೆಕೆಂಡ್ ಹಿಡಿದ ಕಾರ್ಡ್‌ನಲ್ಲಿ ತಿಳಿಯುತ್ತದೆ. ವಾದ್ಯವಿಲ್ಲದೆ ಹಾಡುವ ಮೇಳ ಗಾಂಧಾರವನ್ನು ಕೂದಲೆಳೆಯಷ್ಟು ಇಳಿಸಿದರೆ ಕಾರ್ಡ್ ಅಲುಗಾಡದೆ ನಿಲ್ಲುತ್ತದೆ. ಆರ್ಗನ್ ಅಥವಾ ಕೀಬೋರ್ಡ್ ಜೊತೆಗಿದ್ದರೆ ವಾದ್ಯದ ಗಾಂಧಾರವನ್ನೇ ಅನುಸರಿಸಬೇಕು. ಇಲ್ಲವಾದರೆ ಎರಡು ಗಾಂಧಾರಗಳ ನಡುವೆ ದನಿ ಅಲೆಅಲೆಯಾಗಿ ಕಂಪಿಸುವುದು ಕೇಳಿಸುತ್ತದೆ.

ವಾದ್ಯವೂ ಕಾರ್ಡ್‌ನ ಆಯಸ್ಸನ್ನು ನಿರ್ಧರಿಸುತ್ತದೆ. ಆರ್ಗನ್ ಕೀಲಿ ಒತ್ತಿರುವಷ್ಟು ಹೊತ್ತೂ ಒಂದೇ ಬಲದಲ್ಲಿ ನುಡಿಯುತ್ತದೆ. ಗಿಟಾರ್, ಪಿಯಾನೊಗಳಲ್ಲಿ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಈ ಕ್ಷೀಣಿಸುವಿಕೆಯೊಡನೆ ಹೋರಾಡಿದ ಪ್ರಸಿದ್ಧ ಉದಾಹರಣೆ ಬೀಟಲ್ಸ್ ತಂಡದ ‘ಎ ಡೇ ಇನ್ ದ ಲೈಫ್’. ಅದರ ಕೊನೆಯ ಇ ಮೇಜರ್ ಕಾರ್ಡನ್ನು 1967ರ ಫೆಬ್ರವರಿ 22ರಂದು ಲಂಡನ್ನಿನ ಅಬ್ಬೆ ರೋಡಿನ ಸ್ಟುಡಿಯೊದಲ್ಲಿ ಮುದ್ರಿಸಲಾಯಿತು. ಹಲವರು ಹಲವು ಪಿಯಾನೊಗಳ ಮೇಲೆ ಏಕಕಾಲಕ್ಕೆ ಕಾರ್ಡ್ ಬಾರಿಸಿದರು, ನಿರ್ಮಾಪಕ ಜಾರ್ಜ್ ಮಾರ್ಟಿನ್ ಹಾರ್ಮೋನಿಯಂ ಹಿಡಿದರು. ಎಲ್ಲರ ಕೈಗಳೂ ಒಂದೇ ಕ್ಷಣಕ್ಕೆ ಬೀಳಬೇಕಿದ್ದರಿಂದ ಮತ್ತೆ ಮತ್ತೆ ಪ್ರಯತ್ನಿಸಬೇಕಾಯಿತು. ದನಿ ಕುಗ್ಗಿದಂತೆ ಎಂಜಿನಿಯರ್ ಜೆಫ್ ಎಮೆರಿಕ್ ಧ್ವನಿಮಟ್ಟ ಏರಿಸುತ್ತಾ ಹೋದರು, ಕಾರ್ಡ್ 40 ಸೆಕೆಂಡಿಗೂ ಮೀರಿ ಉಳಿಯಿತು. ಏರಿಸಿದ್ದು ಎಷ್ಟೆಂದರೆ ಕೊನೆಯಲ್ಲಿ ಕುರ್ಚಿಯ ಕಿರಗುಟ್ಟುವಿಕೆಯೂ ಕೇಳಿಸುತ್ತದೆ. ಆ ಹಾಡಿನಲ್ಲಿ ಕಾರ್ಡ್‌ಗೆ ಮುಂಚೆ ಇರುವುದು ರಿಟಾರ್ಡಾಂಡೊ ಅಲ್ಲ, ವಾದ್ಯವೃಂದದ ಏರುತ್ತಲೇ ಹೋಗುವ ಅಬ್ಬರ. ಕಾತರ ಹುಟ್ಟಿಸಲು ದಾರಿಗಳು ಬೇರೆಬೇರೆ ಇವೆ. ಹುಟ್ಟಿದ ಕಾತರವನ್ನು ಇಳಿಸಲು ಮಾತ್ರ ಎರಡು ಕಡೆಯೂ ಬೇಕಾದದ್ದು ಉದ್ದನೆಯ ಒಂದು ಕಾರ್ಡ್.

ಇಂದಿನ ಸ್ಟುಡಿಯೊಗಳಲ್ಲಿ ಬೇರೊಂದು ತೊಡಕಿದೆ. ಹಾಡುವವರ ಕಿವಿಯಲ್ಲಿ ಕ್ಲಿಕ್ ಟ್ರ್ಯಾಕ್ ಟಿಕ್ ಟಿಕ್ ಎನ್ನುತ್ತಿರುತ್ತದೆ, ಅದು ಯಾರಿಗೂ ಕಾಯುವುದಿಲ್ಲ. ಕಂಪ್ಯೂಟರಿನ ಟೆಂಪೊ ರೇಖೆಯನ್ನು ಇಳಿಜಾರಾಗಿ ಎಳೆದು ರಿಟಾರ್ಡಾಂಡೊ ಮಾಡಬಹುದು. ಆದರೆ ನೇರ ಗೆರೆಯಂತೆ ಎಳೆದರೆ ಇಳಿಕೆ ಯಾಂತ್ರಿಕವಾಗಿ ಕೇಳಿಸುತ್ತದೆ. ಮೇಲೆ ಹೇಳಿದಂತೆ ಮೊದಲು ಸ್ವಲ್ಪ, ಕೊನೆಯಲ್ಲಿ ಹೆಚ್ಚು ಬಾಗುವ ವಕ್ರರೇಖೆ ಬೇಕು. ಅದಕ್ಕಿಂತ ಸರಳ ದಾರಿ, ಕೊನೆಯ ಸಾಲಿಗೆ ಕ್ಲಿಕ್ ನಿಲ್ಲಿಸಿ ಗಾಯಕರನ್ನೂ ಒಬ್ಬ ವಾದಕರನ್ನೂ ಒಬ್ಬರನ್ನೊಬ್ಬರು ನೋಡುವಂತೆ ಕೂರಿಸಿ ಒಟ್ಟಿಗೆ ಮುದ್ರಿಸುವುದು.

ಉಳಿದದ್ದು ಕಾರ್ಡ್ ಬಿಡುವ ಗಳಿಗೆ. ಒಟ್ಟಿಗೆ ಹಿಡಿದ ಕಾರ್ಡನ್ನು ಒಟ್ಟಿಗೇ ಬಿಡಬೇಕು. ಇಂಗ್ಲಿಷ್ ಸಾಹಿತ್ಯದ ಮೊದಲ ಚರಣದ ಕೊನೆಯ ಪದ ‘ಸ್’ ದನಿಯಲ್ಲಿ ಮುಗಿಯುತ್ತದೆ. ಇಪ್ಪತ್ತು ಜನ ಇಪ್ಪತ್ತು ಗಳಿಗೆಯಲ್ಲಿ ಅದನ್ನು ಉಚ್ಚರಿಸಿದರೆ ಉದ್ದನೆಯ ಒಂದು ಬುಸುಗುಡುವಿಕೆಯಾಗುತ್ತದೆ, ಆದ್ದರಿಂದ ನಿರ್ದೇಶಕರ ಕೈ ಮುಚ್ಚಿದಾಗಲೇ ಆ ವ್ಯಂಜನ. ಜರ್ಮನ್ ಮೂಲದ ಮೊದಲ ಚರಣ ಸ್ವರಾಕ್ಷರದಲ್ಲಿ ಮುಗಿಯುತ್ತದೆ, ಕನ್ನಡದ ಪದಗಳೂ ಬಹುಪಾಲು ಹಾಗೆಯೇ. ಅಲ್ಲಿ ಅಪಾಯ ಬೇರೆ. ಬಾಯಿ ತೆರೆದೇ ಇರುವುದರಿಂದ ದನಿ ಗಂಟಲಲ್ಲಿ ಕತ್ತರಿಸಿದಂತೆ ನಿಲ್ಲಬಹುದು. ಆಗ ನಿರ್ದೇಶಕರು ಬಿಡುವ ಸನ್ನೆಗೆ ಬದಲಾಗಿ ಉಸಿರೆಳೆಯುವ ಸನ್ನೆ ಕೊಡುತ್ತಾರೆ. ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಎಲ್ಲರ ದನಿಯೂ ಆ ಗಳಿಗೆಯಲ್ಲೇ ನಿಲ್ಲುತ್ತದೆ, ಗಂಟಲು ಬಿಗಿಯುವುದಿಲ್ಲ. ಆರ್ಗನ್ ವಾದಕರು ಅದೇ ಸನ್ನೆಗೆ ಕೈಯೆತ್ತಬೇಕು. ಅರ್ಧ ಸೆಕೆಂಡ್ ತಡವಾದರೂ ಎತ್ತರದ ಚಾವಣಿಯ ಚರ್ಚಿನಲ್ಲಿ ಮೇಳದ ಪ್ರತಿಧ್ವನಿಯ ಮೇಲೆ ಆರ್ಗನ್ನಿನ ದನಿ ಕೂರುತ್ತದೆ, ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಹಾಡು ಎರಡು ಸಲ ಮುಗಿದಂತೆ ಕೇಳಿಸುತ್ತದೆ.